ಪರೀಕ್ಷೆಗೆ ಬ್ರಾಹ್ಮಿ: ಗುಣಕ್ಕಿಂತ ಮೊದಲು ಹೊಟ್ಟೆನೋವು

ಸಂಕ್ರಾಂತಿ ಮುಗಿಯುತ್ತಿದ್ದಂತೆ ಔಷಧಿ ಅಂಗಡಿಗಳಲ್ಲೂ ಗ್ರಂಥಿಗೆ ಅಂಗಡಿಗಳಲ್ಲೂ ಬ್ರಾಹ್ಮಿ ಕೇಳುವವರು ಹೆಚ್ಚುತ್ತಾರೆ. ಹೆಚ್ಚಿನವರು ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳ ಅಪ್ಪ ಅಮ್ಮಂದಿರು. ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ, ಪರೀಕ್ಷೆ ಹತ್ತಿರ ಬಂತು, ಏನಾದರೂ ಕೊಡಿ ಎನ್ನುತ್ತಾರೆ. ಅಂಗಡಿಯವನು ಕ್ಯಾಪ್ಸೂಲನ್ನೋ ಸಿರಪ್ಪನ್ನೋ ಅರಿಷ್ಟವನ್ನೋ ಕೊಡುತ್ತಾನೆ. ಎಷ್ಟು ದಿನಕ್ಕೆ ಗುಣ ಕಾಣುತ್ತದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಬ್ರಾಹ್ಮಿಯ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ಅದಕ್ಕೂ ಮೊದಲು ಗಿಡ ಯಾವುದು ಎಂದು ತಿಳಿಯಬೇಕು. ನಮ್ಮಲ್ಲಿ ಎರಡು ಗಿಡಗಳನ್ನು ಬ್ರಾಹ್ಮಿ ಎಂದೇ ಕರೆಯುತ್ತಾರೆ. ಮಲೆನಾಡು, ಕರಾವಳಿಯ ಅಡುಗೆಮನೆಯಲ್ಲಿ ತಂಬುಳಿಗೆ ಬೀಳುವುದು ಒಂದೆಲಗ. ಉದ್ದ ತೊಟ್ಟಿನ ತುದಿಗೆ ಮೂತ್ರಪಿಂಡದ ಆಕಾರದ ಒಂದು ಎಲೆ, ಅದರ ಅಂಚು ಸಣ್ಣಗೆ ಕಚ್ಚುಕಚ್ಚಾಗಿರುತ್ತದೆ. ತುಳುವಿನವರು ಇದನ್ನು ತಿಮರೆ ಎನ್ನುತ್ತಾರೆ, ಸಂಸ್ಕೃತದಲ್ಲಿ ಮಂಡೂಕಪರ್ಣಿ. ಇನ್ನೊಂದು ನೀರುಬ್ರಾಹ್ಮಿ. ಕೆಸರಿನಲ್ಲಿ ಹರಡುವ ಈ ಬಳ್ಳಿಯ ಎಲೆಗಳು ಸಣ್ಣವು, ದಪ್ಪ, ರಸಭರಿತ. ಗೆಣ್ಣಿಗೆ ಎರಡರಂತೆ ಎದುರುಬದುರು ಕೂತಿರುತ್ತವೆ. ಹೂ ಬಿಳಿ ಅಥವಾ ತಿಳಿ ನೇರಳೆ. ಬಾಯಿಗೆ ಹಾಕಿದರೆ ಅಸಲಿ ಕಹಿ. ನೆನಪಿನ ಶಕ್ತಿಯ ಬಗ್ಗೆ ಆಧುನಿಕ ಪ್ರಯೋಗಗಳು ಹೆಚ್ಚಾಗಿ ನಡೆದಿರುವುದು ಈ ಎರಡನೆಯದರ ಮೇಲೆ. ಕ್ಯಾಪ್ಸೂಲ್ ಡಬ್ಬಿಯ ಮೇಲೆ 'ಬಕೋಪಾ' ಎಂದು ಬರೆದಿರುವುದೂ ಇದನ್ನೇ. ಹಾಗೆಂದು ಒಂದೆಲಗ ಕಡಿಮೆಯದು ಎಂದುಕೊಳ್ಳಬೇಕಿಲ್ಲ. ಚರಕಸಂಹಿತೆಯಲ್ಲಿ ಬುದ್ಧಿಗೆ ಹಿತವೆಂದು ಒಟ್ಟಾಗಿ ಹೇಳಿರುವ ನಾಲ್ಕು ದ್ರವ್ಯಗಳು ಮಂಡೂಕಪರ್ಣಿ, ಜೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿ. ಆ ನಾಲ್ಕರಲ್ಲಿ ಒಂದೆಲಗವಿದೆ, ನೀರುಬ್ರಾಹ್ಮಿ ಇಲ್ಲ. ಒಂದು ಗಿಡದ ಮೇಲೆ ಆದ ಪ್ರಯೋಗದ ಫಲವನ್ನು ಇನ್ನೊಂದಕ್ಕೆ ಅಂಟಿಸಬಾರದು, ಅಷ್ಟೇ.

ಇನ್ನು ಅಂಗಡಿಯಲ್ಲಿ ಸಿಗುವ ರೂಪಗಳು. ಒಣಗಿಸಿ ಕುಟ್ಟಿದ ಪುಡಿ, ಅಂದರೆ ಚೂರ್ಣ, ದೊಡ್ಡವರಿಗೆ ದಿನಕ್ಕೆ 1ರಿಂದ 3 ಗ್ರಾಂ ಎಂಬುದು ರೂಢಿಯ ಪ್ರಮಾಣ. ಕ್ಯಾಪ್ಸೂಲಿನಲ್ಲಿ ಎರಡು ಬಗೆ. ಕೆಲವು ಕ್ಯಾಪ್ಸೂಲುಗಳಲ್ಲಿ ಇದೇ ಪುಡಿಯನ್ನು ತುಂಬಿರುತ್ತಾರೆ. ಇನ್ನು ಕೆಲವುಗಳಲ್ಲಿ ಗಿಡದಿಂದ ತೆಗೆದ ಗಟ್ಟಿ ಸಾರ ಇರುತ್ತದೆ, ಡಬ್ಬಿಯ ಮೇಲೆ 'ಎಕ್ಸ್‌ಟ್ರಾಕ್ಟ್' ಎಂದು ಬರೆದಿರುತ್ತದೆ, ಬಕೋಸೈಡ್ ಅಂಶ ಶೇಕಡಾ ಎಷ್ಟೆಂದು ಬಹಳಷ್ಟು ಕಂಪನಿಗಳು ಹೇಳುತ್ತವೆ. ಎರಡೂ 500 ಮಿಲಿಗ್ರಾಂ ಎಂದು ಕಂಡರೂ ಎರಡರ ಬಲ ಒಂದೇ ಅಲ್ಲ. ಪುಡಿಯ ಕ್ಯಾಪ್ಸೂಲ್ ದಿನಕ್ಕೆ ಎರಡು ತಿಂದರೆ ಒಂದು ಗ್ರಾಂ ಸೊಪ್ಪಿನ ಪುಡಿ ತಿಂದಂತಾಯಿತು. ಸಾರದ ಕ್ಯಾಪ್ಸೂಲ್ ಎರಡು ತಿಂದರೆ ಹಲವು ಗ್ರಾಂ ಸೊಪ್ಪಿನ ಸತ್ವ ಒಟ್ಟಿಗೇ ಹೊಟ್ಟೆಗೆ ಇಳಿದಂತೆ. ಹೆಚ್ಚಿನ ಪ್ರಯೋಗಗಳಲ್ಲಿ ಕೊಟ್ಟಿರುವುದು ಸಾರ, ಅದೂ ದಿನಕ್ಕೆ ಸುಮಾರು 300 ಮಿಲಿಗ್ರಾಂ ಮಾತ್ರ.

ಸಾರಸ್ವತಾರಿಷ್ಟ ಹುದುಗಿಸಿ ಮಾಡುವ ಔಷಧ. ಅದರಲ್ಲಿ ಬೆಲ್ಲ, ಸಕ್ಕರೆ, ಜೇನಿನಂಥ ಸಿಹಿ ಇರುತ್ತದೆ, ಹುದುಗುವಾಗ ತಾನಾಗಿ ಹುಟ್ಟಿದ ಮದ್ಯಸಾರವೂ ಇರುತ್ತದೆ. ಮದ್ಯಸಾರದ ಪ್ರಮಾಣ ಬಾಟಲಿಯ ಮೇಲೇ ಅಚ್ಚಾಗಿರುತ್ತದೆ. ಮಕ್ಕಳಿಗೆ ಕೊಡುವ ಮುನ್ನ ಆ ಸಾಲನ್ನು ಓದಿ, ವೈದ್ಯರನ್ನು ಕೇಳಿ. ಬ್ರಾಹ್ಮೀಘೃತ ತುಪ್ಪದಲ್ಲಿ ಮಾಡಿದ್ದು, ಬಜೆ ಮುಂತಾದ ಬೇರೆ ಮೂಲಿಕೆಗಳೂ ಅದರಲ್ಲಿವೆ. ಬ್ರಾಹ್ಮೀವಟಿ ಎಂಬ ಮಾತ್ರೆಯ ಕೆಲವು ಪಾಠಗಳಲ್ಲಿ ಲೋಹ, ಖನಿಜಗಳ ಭಸ್ಮವಿರುತ್ತದೆ. ಇದನ್ನು ಮನೆಮದ್ದಿನಂತೆ ತಂದು ಮಕ್ಕಳಿಗೆ ಕೊಡುವುದು ಸಲ್ಲ. ಬ್ರಾಹ್ಮಿ ಎಣ್ಣೆಯನ್ನು ತಲೆಗೆ ತಿಕ್ಕಿದರೆ ಹಾಯೆನಿಸಬಹುದು, ನಿದ್ದೆಯೂ ಬರಬಹುದು. ನೆನಪು ಹೆಚ್ಚುತ್ತದೆ ಎನ್ನಲು ಆಧಾರವಿಲ್ಲ.

ಈಗ ಎಷ್ಟು ದಿನ ಬೇಕು ಎಂಬ ಪ್ರಶ್ನೆಗೆ ಬರೋಣ. 2001ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಆರೋಗ್ಯವಂತರಿಗೆ 300 ಮಿಲಿಗ್ರಾಂ ಸಾರವನ್ನು ಒಂದೇ ಸಲ ಕೊಟ್ಟು ಎರಡು ಗಂಟೆಯ ನಂತರ ಪರೀಕ್ಷಿಸಿದರು. ಏನೂ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಅಲ್ಲಿಯೇ ನಡೆದ ಇನ್ನೊಂದು ಪ್ರಯೋಗದಲ್ಲಿ 46 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅಷ್ಟೇ ಪ್ರಮಾಣದ ಸಾರವನ್ನೂ ಇನ್ನೊಂದಕ್ಕೆ ಹುಸಿ ಗುಳಿಗೆಯನ್ನೂ ದಿನವೂ ಕೊಟ್ಟರು. ಹೊಸ ಪದಗಳನ್ನು ಕಲಿತು ನೆನಪಿಡುವುದರಲ್ಲಿ ಒಳ್ಳೆಯ ಫಲ ಎದ್ದು ಕಂಡಿದ್ದು ಹನ್ನೆರಡು ವಾರಗಳಾದ ಮೇಲೆ. 2002ರ ಮತ್ತೊಂದು ಪ್ರಯೋಗ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಅದರಲ್ಲಿದ್ದವರು 40 ದಾಟಿದ 76 ಮಂದಿ. ಮೂರು ತಿಂಗಳು ಬ್ರಾಹ್ಮಿ ತೆಗೆದುಕೊಂಡವರು ಹೊಸದನ್ನು ಬೇಗ ಕಲಿಯಲಿಲ್ಲ. ಕಲಿತದ್ದನ್ನು ಮರೆಯುವುದು ಮಾತ್ರ ಸ್ವಲ್ಪ ನಿಧಾನವಾಯಿತು. ಓದದೇ ಇದ್ದ ಪಾಠವನ್ನು ಯಾವ ಗುಳಿಗೆಯೂ ತಲೆಗೆ ಏರಿಸುವುದಿಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ.

ವಿದ್ಯಾರ್ಥಿಗಳ ಮೇಲೂ ಪ್ರಯೋಗ ಆಗಿದೆ. 2016ರಲ್ಲಿ ಪ್ರಕಟವಾದ ಭಾರತದ ಒಂದು ಅಧ್ಯಯನದಲ್ಲಿ 60 ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿಗೆ 150 ಮಿಲಿಗ್ರಾಂ ಸಾರವನ್ನು ದಿನಕ್ಕೆ ಎರಡು ಬಾರಿ ಆರು ವಾರ ಕೊಟ್ಟರು, ಕೆಲವು ಪರೀಕ್ಷೆಗಳಲ್ಲಿ ಸುಧಾರಣೆ ಕಂಡಿತು. ಅದನ್ನೇ ಹಿಡಿದು ಜಾಹೀರಾತು ಮಾಡುವವರು ಬೆಂಗಳೂರಿನ ಪ್ರಯೋಗವನ್ನು ಹೇಳುವುದಿಲ್ಲ. 2013ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 35ರಿಂದ 60 ವರ್ಷದ 72 ಮಂದಿ ಹನ್ನೆರಡು ವಾರ ಪಾಲ್ಗೊಂಡರು, ಸಾರದ ಪ್ರಮಾಣ ದಿನಕ್ಕೆ 450 ಮಿಲಿಗ್ರಾಂ. ನೆನಪಿನಲ್ಲಾಗಲಿ ಆತಂಕದಲ್ಲಾಗಲಿ ಹುಸಿ ಗುಳಿಗೆಯವರಿಗಿಂತ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಂದರೆ ಫಲ ಕಂಡವರೂ ಇದ್ದಾರೆ, ಕಾಣದವರೂ ಇದ್ದಾರೆ. ಹದಿನೈದು ಹದಿನೆಂಟರ ಮಕ್ಕಳ ಅಂಕ ಏರಿತೆಂದು ತೋರಿಸುವ ಗಟ್ಟಿ ಪ್ರಯೋಗವಂತೂ ಇಲ್ಲ.

ಒಂದು ಮನೆಯ ಲೆಕ್ಕ ಹಾಕೋಣ. ಮಗಳು ದ್ವಿತೀಯ ಪಿಯುಸಿ, ಪರೀಕ್ಷೆ ಮಾರ್ಚ್ 1ಕ್ಕೆ ಶುರು. ಅಮ್ಮ ಕ್ಯಾಪ್ಸೂಲ್ ತಂದದ್ದು ಫೆಬ್ರವರಿ 10ಕ್ಕೆ. ಪರೀಕ್ಷೆಗೆ ಉಳಿದದ್ದು ಹತ್ತೊಂಬತ್ತು ದಿನ. ಹನ್ನೆರಡು ವಾರ ಸಿಗಬೇಕಿದ್ದರೆ ಡಿಸೆಂಬರ್ 7ಕ್ಕೇ ಆರಂಭಿಸಬೇಕಿತ್ತು. ಈಗ ಆರಂಭಿಸಿದರೆ ಫಲ ಸಿಕ್ಕರೂ ಮೇ ತಿಂಗಳ ಹೊತ್ತಿಗೆ, ಅಷ್ಟರಲ್ಲಿ ಫಲಿತಾಂಶವೂ ಬಂದಿರಬಹುದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತಿಂದರೆ ಚೆನ್ನಾಗಿ ಹಿಡಿಯುತ್ತದೆ ಎಂದು ಯಾರೋ ಹೇಳಿದರೆಂದು ಅಮ್ಮ ಹಾಗೇ ಕೊಡುತ್ತಾಳೆ. ಮೂರನೇ ದಿನಕ್ಕೆ ಮಗಳಿಗೆ ಹೊಟ್ಟೆ ತೊಳಸುತ್ತದೆ, ಹಿಂಡಿದಂತೆ ನೋವು, ದಿನಕ್ಕೆ ಮೂರು ನಾಲ್ಕು ಸಲ ಸಡಿಲವಾಗಿ ಬಹಿರ್ದೆಸೆ. ಪರೀಕ್ಷೆಯ ಭಯಕ್ಕೇ ಹೀಗಾಗುತ್ತಿದೆ ಎಂದು ಮನೆಯವರು ತಿಳಿಯುತ್ತಾರೆ. ಗುಳಿಗೆ ಮುಂದುವರಿಯುತ್ತದೆ.

ಇಂಥದ್ದು ಅಪರೂಪವಲ್ಲ. ಬ್ರಾಹ್ಮಿಯ ಪ್ರಯೋಗಗಳಲ್ಲಿ ಮತ್ತೆ ಮತ್ತೆ ದಾಖಲಾದ ತೊಂದರೆ ಹೊಟ್ಟೆಯದೇ. 55 ದಾಟಿದ ಆಸ್ಟ್ರೇಲಿಯನ್ನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪದ ನೆನಪು ಸುಧಾರಿಸಿತು, ಜೊತೆಗೆ ಬಹಿರ್ದೆಸೆಯ ಸಂಖ್ಯೆ, ಹೊಟ್ಟೆ ಹಿಂಡುವುದು, ವಾಕರಿಕೆಯೂ ಹೆಚ್ಚಿದವು. ಕಾರಣ ಗಿಡದ ಸತ್ವದಲ್ಲೇ ಇದೆ. ಬಕೋಸೈಡುಗಳು ಸಪೋನಿನ್ ಎಂಬ ಜಾತಿಗೆ ಸೇರಿದವು. ಸೀಗೆಕಾಯಿ, ಅಂಟುವಾಳಗಳಲ್ಲಿ ನೊರೆ ಬರಿಸುವುದೂ ಇದೇ ಜಾತಿಯ ದ್ರವ್ಯ. ಕರುಳಿನ ಒಳಪದರವನ್ನು ಅವು ಕೆರಳಿಸುತ್ತವೆ. ಇನ್ನೊಂದು ಕಾರಣವೂ ಇರಬಹುದು. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೇಲೆ ಬ್ರಾಹ್ಮಿ ಕೆಲಸ ಮಾಡುತ್ತದೆ ಎನ್ನುತ್ತಾರೆ. ಕರುಳು ಅಲುಗುವುದಕ್ಕೂ ಬೇಕಾದದ್ದು ಅದೇ ರಾಸಾಯನಿಕ.

ಭಯದ ಭೇದಿಯೋ ಗುಳಿಗೆಯ ಭೇದಿಯೋ ಎಂದು ತಿಳಿಯುವ ದಾರಿ ಸುಲಭ. ಗುಳಿಗೆಯಿಂದ ಆದದ್ದು ಸಾಮಾನ್ಯವಾಗಿ ಆರಂಭಿಸಿದ ಕೆಲವೇ ದಿನಗಳಲ್ಲಿ ಕಾಣುತ್ತದೆ, ಭಾನುವಾರವೂ ಬಿಡುವುದಿಲ್ಲ. ಮಾದರಿ ಪರೀಕ್ಷೆ ಇದ್ದ ದಿನ ಮಾತ್ರ ಬಂದು ರಜೆಯಲ್ಲಿ ನಿಂತರೆ ಅದು ಭಯದ್ದು. ಎರಡು ಮೂರು ದಿನ ಗುಳಿಗೆ ನಿಲ್ಲಿಸಿ ನೋಡಿ. ಹೊಟ್ಟೆ ಸರಿಯಾದರೆ ಕಾರಣ ಸಿಕ್ಕಿತು. ಮತ್ತೆ ಕೊಡಲೇಬೇಕೆಂದರೆ ಪರೀಕ್ಷೆಯೆಲ್ಲ ಮುಗಿದ ಮೇಲೆ, ಊಟವಾದ ಕೂಡಲೇ, ಕಡಿಮೆ ಪ್ರಮಾಣದಲ್ಲಿ, ವೈದ್ಯರ ಸಲಹೆಯಂತೆ ಕೊಡಬೇಕು. ಹಿಂದಿನವರು ಬ್ರಾಹ್ಮಿಯನ್ನು ತುಪ್ಪದ ಜೊತೆ, ಹಾಲಿನ ಜೊತೆ ಕೊಡುತ್ತಿದ್ದರು. ಖಾಲಿ ಹೊಟ್ಟೆಯ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ. ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ, ನೀರೂ ದಕ್ಕದಿದ್ದರೆ ಬ್ರಾಹ್ಮಿಯ ಮೇಲೆ ಹಾಕಿ ಕೂರದೆ ಆಸ್ಪತ್ರೆಗೆ ಹೋಗಬೇಕು.

ಹಸಿ ಸೊಪ್ಪು ಕಿತ್ತು ತಿನ್ನುವವರಿಗೂ ಒಂದು ಮಾತು. ನೀರುಬ್ರಾಹ್ಮಿ ಚರಂಡಿಯ ಅಂಚಿನಲ್ಲೂ, ಕೊಳಚೆ ಸೇರುವ ಕೆರೆಯಲ್ಲೂ ಹುಲುಸಾಗಿ ಬೆಳೆಯುತ್ತದೆ. ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂಗಳನ್ನು ಹೀರಿಕೊಂಡು ತನ್ನಲ್ಲಿಟ್ಟುಕೊಳ್ಳುವ ಗುಣ ಇದಕ್ಕಿದೆ. ಅಲ್ಲಿಂದ ತಂದದ್ದನ್ನು ಎಷ್ಟು ತೊಳೆದರೂ ಒಳಗೆ ಸೇರಿದ ಲೋಹ ಹೋಗದು. ಮನೆಯ ಕುಂಡದಲ್ಲಿ ಶುದ್ಧ ನೀರು ಹಾಕಿ ಬೆಳೆಸಿದ್ದನ್ನೇ ಬಳಸಬೇಕು.

ಥೈರಾಯಿಡ್ ಮಾತ್ರೆ, ಮೂರ್ಛೆರೋಗದ ಮಾತ್ರೆ, ನಿದ್ದೆ ಅಥವಾ ಖಿನ್ನತೆಯ ಔಷಧ ತೆಗೆದುಕೊಳ್ಳುವ ಮಕ್ಕಳಿಗೆ, ಉಬ್ಬಸ ಇರುವವರಿಗೆ ವೈದ್ಯರಿಗೆ ಹೇಳದೆ ಕೊಡಬೇಡಿ. ಇಲಿಗಳ ಮೇಲಿನ ಪ್ರಯೋಗದಲ್ಲಿ ಹೆಚ್ಚು ಪ್ರಮಾಣದ ಬ್ರಾಹ್ಮಿ ಥೈರಾಯಿಡ್ ಹಾರ್ಮೋನನ್ನು ಏರಿಸಿದ್ದುಂಟು.

ಹಾಗಾದರೆ ಆ ಹತ್ತೊಂಬತ್ತು ದಿನಗಳಲ್ಲಿ ಮಗಳು ಏನು ಮಾಡಬಹುದು? ನೆನಪಿನ ಬಗ್ಗೆ 2006ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರು, ಕೆಲವರು ಒಮ್ಮೆ ಓದಿ ಪುಸ್ತಕ ಮುಚ್ಚಿ ಮೂರು ಸಲ ನೆನಪಿನಿಂದ ಬರೆದರು. ವಾರದ ನಂತರ ಓದಿದವರಿಗೆ ನೆನಪಿದ್ದದ್ದು ಸುಮಾರು ಶೇಕಡಾ 40, ಬರೆದವರಿಗೆ ಸುಮಾರು 60. ಬ್ರಾಹ್ಮಿಗೆ ಬೇಕಾದ ಮೂರು ತಿಂಗಳು ಇದಕ್ಕೆ ಬೇಡ, ಒಂದು ವಾರದಲ್ಲೇ ಫಲ ಕಾಣುತ್ತದೆ. ಜೊತೆಗೆ ರಾತ್ರಿ ನಿದ್ದೆ ಸರಿಯಾಗಿರಬೇಕು, ಓದಿದ್ದು ಗಟ್ಟಿಯಾಗುವುದು ನಿದ್ದೆಯಲ್ಲೇ. ಊಟದ ಜೊತೆ ಒಂದೆಲಗದ ತಂಬುಳಿ ಮಾಡಿ, ಕಾಯಿತುರಿ, ಜೀರಿಗೆ, ಕಾಳುಮೆಣಸು ಹಾಕಿ ಮಜ್ಜಿಗೆಯಲ್ಲಿ ಕಲಸಿ. ಅದು ಊಟ, ಅದರಿಂದ ಅಂಕದ ನಿರೀಕ್ಷೆ ಬೇಡ.

ಮಗು ರಾತ್ರಿಯಿಡೀ ನಿದ್ದೆ ಮಾಡದೆ, ಊಟ ಬಿಟ್ಟು, ಬದುಕೇ ಬೇಡ ಎನ್ನುವ ಮಟ್ಟಕ್ಕೆ ಬಂದಿದ್ದರೆ ಅರಿಷ್ಟವೂ ಬೇಡ, ತಂಬುಳಿಯೂ ಬೇಡ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿಗಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.