ಮಾತು ಕನ್ನಡದಲ್ಲಿದೆ, ಅಕ್ಷರ ಎಲ್ಲಿ?

ಊರಿನ ತಾಳಮದ್ದಲೆಯೊಂದನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದ್ದೀರಿ ಎನ್ನಿ. ಎರಡೂವರೆ ಗಂಟೆಯ ಪ್ರಸಂಗ. ವಿಡಿಯೊ ಓಡುತ್ತಿದೆ, ಧ್ವನಿಯೂ ಕೇಳುತ್ತಿದೆ. ಆದರೆ ಕಿವಿ ಮಂದವಾದ ಅಜ್ಜನಿಗಾಗಿ ಮಾತನ್ನು ಅಕ್ಷರದಲ್ಲಿ ತೋರಿಸೋಣವೆಂದರೆ ಕ್ಯಾಪ್ಶನ್ ಇಲ್ಲ. ಮರುದಿನವೂ ಇಲ್ಲ. ಕೆಲಸ ಇನ್ನೂ ನಡೆಯುತ್ತಿದೆಯೇ, ಅಥವಾ ಅದು ಬರುವುದೇ ಇಲ್ಲವೇ?

ಈ ಪ್ರಶ್ನೆಗೆ ತೆರೆಯ ಮೇಲೆ ನೇರ ಉತ್ತರ ಸಿಗುವುದಿಲ್ಲ. ಅಪ್‌ಲೋಡ್ ಆದ ವಿಡಿಯೊ ಮೊದಲು ಕಡಿಮೆ ಗುಣಮಟ್ಟದಲ್ಲಿ ಸಿದ್ಧವಾಗುತ್ತದೆ, ಆಮೇಲೆ ಎಚ್‌ಡಿ ಬರುತ್ತದೆ. ಮಾತನ್ನು ಅಕ್ಷರಕ್ಕೆ ಇಳಿಸುವುದು ಇದರಿಂದ ಬೇರೆಯದೇ ಕೆಲಸ. ಅದು ಮುಗಿದಾಗ ಯೂಟ್ಯೂಬ್ ಸ್ಟುಡಿಯೊದ Subtitles ಪುಟದಲ್ಲಿ ಭಾಷೆಯ ಹೆಸರಿನೊಂದಿಗೆ Automatic ಎಂಬ ಸಾಲು ಮೂಡುತ್ತದೆ. ಪ್ರೋಗ್ರಾಂ ಬರೆಯುವವರು ಎಪಿಐ ಮೂಲಕ ನೋಡಿದರೆ ಪ್ರತಿ ಕ್ಯಾಪ್ಶನ್ ಟ್ರ್ಯಾಕಿಗೂ ಒಂದು ಸ್ಥಿತಿ ಕಾಣುತ್ತದೆ: `serving` ಎಂದರೆ ನೋಡುಗರಿಗೆ ಸಿಗುತ್ತಿದೆ, `syncing` ಎಂದರೆ ಹೊಂದಾಣಿಕೆ ನಡೆಯುತ್ತಿದೆ, `failed` ಎಂದರೆ ಕೆಟ್ಟಿದೆ. ಆದರೆ ಟ್ರ್ಯಾಕೇ ಹುಟ್ಟದಿದ್ದರೆ ಅದಕ್ಕೆ ಸ್ಥಿತಿಯೂ ಇರುವುದಿಲ್ಲ. ಹಾಗಾಗಿ ತಡವಾಗಿದ್ದರೂ ಖಾಲಿ, ಆಗದಿದ್ದರೂ ಖಾಲಿ.

ಖಾಲಿ ಉಳಿಯಲು ಯೂಟ್ಯೂಬ್ ತಾನೇ ಹೇಳುವ ಕಾರಣಗಳಿವೆ. ವಿಡಿಯೊ ತೀರಾ ಉದ್ದವಿರಬಹುದು, ಧ್ವನಿ ಕಳಪೆಯಿರಬಹುದು, ಆರಂಭದಲ್ಲಿ ಬಹಳ ಹೊತ್ತು ಮಾತಿಲ್ಲದೆ ಇರಬಹುದು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತಿರಬಹುದು, ಇಲ್ಲವೇ ಆ ಭಾಷೆಗೆ ಈ ಸೌಲಭ್ಯವೇ ಬಂದಿಲ್ಲದಿರಬಹುದು. ನಮ್ಮ ತಾಳಮದ್ದಲೆಯಲ್ಲಿ ಇವುಗಳಲ್ಲಿ ಹೆಚ್ಚಿನವು ಒಟ್ಟಿಗೇ ಸೇರಿವೆ. ಉದ್ದವಂತೂ ಇದ್ದೇ ಇದೆ. ಮೊದಲಿಗೆ ಚೆಂಡೆ, ಮದ್ದಳೆ, ಭಾಗವತರ ಪದ್ಯ. ಆಮೇಲೆ ಅರ್ಥಧಾರಿಗಳ ವಾದ ಬಿಸಿಯೇರಿದಾಗ ಇಬ್ಬರ ಮಾತೂ ಒಟ್ಟಿಗೇ.

‘ಫೋನಿಗೆ ಹೇಳಿದರೆ ಕನ್ನಡದಲ್ಲಿ ಟೈಪಾಗುತ್ತದಲ್ಲ, ವಿಡಿಯೊದಲ್ಲಿ ಏಕಾಗದು?’ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಗೂಗಲ್ 2017ರಲ್ಲೇ ಧ್ವನಿ ಟೈಪಿಂಗಿಗೆ ಕನ್ನಡವನ್ನು ಸೇರಿಸಿತ್ತು. ಆದರೆ ಅಲ್ಲಿ ಮಾತಾಡುವವರು ಒಬ್ಬರೇ, ಬಾಯಿ ಮೈಕಿನ ಹತ್ತಿರವೇ ಇರುತ್ತದೆ, ಮಾತು ಕೆಲವೇ ಸೆಕೆಂಡಿನದು. ಭಾಷೆಯನ್ನು ಮೊದಲೇ ಆರಿಸಿರುತ್ತಾರೆ, ತಪ್ಪಾದರೆ ತಕ್ಷಣ ತಿದ್ದುತ್ತಾರೆ. ವಿಡಿಯೊದಲ್ಲಿ ಇದ್ಯಾವ ಅನುಕೂಲವೂ ಇಲ್ಲ, ತಪ್ಪು ಸಾರ್ವಜನಿಕವಾಗಿ ನಿಂತುಬಿಡುತ್ತದೆ. ಆದ್ದರಿಂದ ಒಂದು ಕಡೆ ಬಂದ ಭಾಷೆ ಇನ್ನೊಂದು ಕಡೆಗೂ ಅದೇ ಹೊತ್ತಿಗೆ ಬರಬೇಕೆಂದಿಲ್ಲ. ಯೂಟ್ಯೂಬ್ 2009ರಲ್ಲಿ ಇಂಗ್ಲಿಷಿನಿಂದ ಶುರುಮಾಡಿ, ಉಳಿದ ಭಾಷೆಗಳನ್ನು ಹಂತಹಂತವಾಗಿ ಸೇರಿಸುತ್ತ ಬಂದಿದೆ.

ಕನ್ನಡಕ್ಕೆ ತನ್ನದೇ ತೊಡಕುಗಳೂ ಇವೆ. ನಾವು ಬರೆಯುವುದು ‘ಬರುತ್ತೇನೆ’, ಆಡುವುದು ಒಂದೂರಲ್ಲಿ ‘ಬರ್ತೀನಿ’, ಇನ್ನೊಂದೂರಲ್ಲಿ ‘ಬರ್ತೇನೆ’. ‘ಬರುತ್ತೇನೆಂದಿದ್ದನಂತೆ’ ಎಂಬಂತೆ ಇಡೀ ವಾಕ್ಯವೇ ಒಂದು ಪದವಾಗಿ ಕೂಡಿಕೊಳ್ಳುತ್ತದೆ. ಅಂಥ ರೂಪಗಳನ್ನೆಲ್ಲ ಪಟ್ಟಿಮಾಡಿ ಮುಗಿಸಲಾಗದು. ಯಂತ್ರ ಇವನ್ನು ಕಲಿಯಬೇಕಾದರೆ ಬೇರೆಬೇರೆ ಊರಿನವರ ದನಿ ಬೇಕು, ಆಡಿದ್ದನ್ನು ಯಾರೋ ಕೂತು ಬರೆದಿಟ್ಟ ಪಠ್ಯವೂ ಬೇಕು. ಇಂಗ್ಲಿಷಿನಲ್ಲಿ ಅಂಥ ಜೋಡಿ ಹೇರಳವಾಗಿದೆ, ಕನ್ನಡದಲ್ಲಿ ಕಡಿಮೆ.

ದೋಷ ಭಾಷೆಯದೋ ಧ್ವನಿಯದೋ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಮೊದಲು ವಿಡಿಯೊದ ವಿವರಗಳಲ್ಲಿ Video language ಕನ್ನಡವಾಗಿದೆಯೇ ನೋಡಿ; English ಎಂದಿದ್ದರೆ ಯಂತ್ರ ಕನ್ನಡದ ಮಾತಿನಲ್ಲಿ ಇಂಗ್ಲಿಷ್ ಪದಗಳನ್ನು ಹುಡುಕುತ್ತದೆ. ಆಮೇಲೆ ಸದ್ದಿಲ್ಲದ ಕೋಣೆಯಲ್ಲಿ ಒಬ್ಬರೇ ಒಂದೆರಡು ನಿಮಿಷ ಮಾತಾಡಿ, ಅದನ್ನು Unlisted ಆಗಿ ಹಾಕಿ. ಅದಕ್ಕೆ ಕನ್ನಡ ಕ್ಯಾಪ್ಶನ್ ಬಂದರೆ ಸೌಲಭ್ಯವಿದೆ. ತಾಳಮದ್ದಲೆ ಅದಕ್ಕೆ ದಕ್ಕಿಲ್ಲ ಅಷ್ಟೆ. ಕೆಲವು ದಿನ ಕಳೆದರೂ ಬರದಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ.

ಆಗ ಉಳಿಯುವ ದಾರಿ ಕೈಬರಹದ್ದೇ. ಇಡೀ ಪ್ರಸಂಗ ಬೇಡ, ಮುಖ್ಯ ಸಂವಾದದ ಹತ್ತು ನಿಮಿಷವನ್ನು ಕತ್ತರಿಸಿ, ಹೊತ್ತಿನ ಸಮೇತ ಹೀಗೆ ಬರೆದು `.srt` ಕಡತವಾಗಿ ಸೇರಿಸಬಹುದು:

```
1
00:00:04,000 --> 00:00:07,500
ಕೃಷ್ಣಾ, ಸಂಧಿಗೆ ಬಂದೆಯೋ, ಸಮರಕ್ಕೋ?
```

ಬರಿಯ ಪಠ್ಯವನ್ನು ಕೊಟ್ಟು ಹೊತ್ತನ್ನು ಯಂತ್ರವೇ ಹೊಂದಿಸಲಿ ಎಂದು ಬಿಡುವಂತಿಲ್ಲ. ಆ ಹೊಂದಾಣಿಕೆಗೂ ಅದೇ ಮಾತು ಗುರುತಿಸುವ ಸೌಲಭ್ಯ ಬೇಕು. ಇನ್ನೊಂದು ಎಚ್ಚರ: ಪ್ರಸಂಗದ ಪಠ್ಯ ಹಳೆಯ ನುಡಿ ಅಥವಾ ಬರಹದ ಫಾಂಟಿನಲ್ಲಿದ್ದರೆ ತೆರೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಯುಟಿಎಫ್-8 ಆಗಿ ಉಳಿಸಿದರೆ ಅಜ್ಜನಿಗೆ ಕನ್ನಡವೇ ಕಾಣುತ್ತದೆ.