ನೂರು ಅಂಕ ಹಂಚುವವರು ಯಾರು?

ಸಿವಿಲ್ ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಹೀಗೊಂದು ಪ್ರಶ್ನೆ ಕೊಡಬಹುದು. ಪಾವಗಡದ ಸೀಮೆಯ ಒಂದು ಹಳ್ಳಿ. ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 40 ಲೀಟರ್ ಬೇಕು. ಆ ನೀರು ಸಿಗುವ ದಾರಿಯೊಂದನ್ನು ರೂಪಿಸಿ, ಉಳಿದ ದಾರಿಗಳಿಗಿಂತ ಅದು ಯಾಕೆ ಮೇಲು ಎಂದು ಅಂಕ ಹಾಕಿ ತೋರಿಸಿ.

ಇದಕ್ಕೆ ಪುಸ್ತಕದ ಕೊನೆಯಲ್ಲಿ ಉತ್ತರ ಇರುವುದಿಲ್ಲ. ದಾರಿಗಳಂತೂ ನಾಲ್ಕಾರಿವೆ. ಮೊದಲನೆಯದು ಪಟಿಕ, ಸುಣ್ಣ, ಬ್ಲೀಚಿಂಗ್ ಪೌಡರ್ ಹಾಕಿ ಕಲಕಿ, ಕೆಸರು ತಳಕ್ಕಿಳಿದ ಮೇಲೆ ನೀರನ್ನು ಸೋಸುವ ನಲ್ಗೊಂಡ ವಿಧಾನ. ನಾಗಪುರದ ನೀರಿ ಸಂಸ್ಥೆ ರೂಪಿಸಿದ್ದು. ಎರಡನೆಯದು ಫ್ಲೋರೈಡನ್ನು ಹಿಡಿದಿಡುವ ಅಲ್ಯೂಮಿನಾ ಹರಳುಗಳ ಫಿಲ್ಟರ್. ಮೂರನೆಯದು ನಾಣ್ಯ ಹಾಕಿದರೆ ಕ್ಯಾನ್ ತುಂಬುವ, ನಮ್ಮ ಹಳ್ಳಿಗಳಲ್ಲಿ 'ಶುದ್ಧ ನೀರಿನ ಘಟಕ' ಎನ್ನುವ ಆರ್‌ಒ. ನಾಲ್ಕನೆಯದು ಚಾವಣಿಯ ಮಳೆನೀರನ್ನು ತೊಟ್ಟಿಗೆ ಇಳಿಸುವುದು. ದೂರದ ನದಿಯಿಂದ ಪೈಪ್ ತರುವುದು ಒಂದು ಊರಿನ ಕೈಯಲ್ಲಿಲ್ಲ, ಅದನ್ನು ಬಿಡೋಣ.

ಅಂಕ ಹಾಕುವ ಮೊದಲೇ ಒಂದು ಮಾತು ತೀರ್ಮಾನವಾಗಬೇಕು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಈ ಮಿತಿಗೆ ಅಂಕ ಕೊಡಕೂಡದು. ಕೊಟ್ಟರೆ 2 ಮಿಲಿಗ್ರಾಂ ನೀರು ಕೊಡುವ ಅಗ್ಗದ ಯಂತ್ರವೊಂದು ಖರ್ಚಿನ ಕಲಮಿನಲ್ಲಿ ಅಂಕ ಗಿಟ್ಟಿಸಿ ಗೆದ್ದುಬಿಡಬಹುದು, ಆ ನೀರು ಕುಡಿದ ಮಕ್ಕಳ ಹಲ್ಲು ಮಾತ್ರ ಕಲೆಗಟ್ಟುತ್ತಲೇ ಇರುತ್ತದೆ. ಮಿತಿ ದಾಟಿಸುವ ದಾರಿಗಳಷ್ಟೇ ಮುಂದಿನ ಲೆಕ್ಕಕ್ಕೆ ಬರಲಿ.

ಇನ್ನು ಮಾನದಂಡಗಳು. ಊರಿನವರೇ ನಡೆಸಿ ರಿಪೇರಿ ಮಾಡಿಕೊಳ್ಳಬಲ್ಲರೇ ಎಂಬುದಕ್ಕೆ 30, ವರ್ಷವಿಡೀ ನೀರು ಸಿಗುವುದಕ್ಕೆ 25, ತಿಂಗಳ ಖರ್ಚಿಗೆ 20, ಹೊರಬೀಳುವ ಕೊಳೆಗೆ 15, ಮೊದಲ ಬಂಡವಾಳಕ್ಕೆ 10. ಹೀಗೆ ನೂರನ್ನು ಹಂಚಿದೆವು ಎನ್ನಿ. ಆಮೇಲೆ ಪ್ರತಿ ದಾರಿಗೂ ಪ್ರತಿ ಮಾನದಂಡದಲ್ಲಿ 1ರಿಂದ 5ರವರೆಗೆ ಅಂಕ ಹಾಕಿ, ತೂಕದಿಂದ ಗುಣಿಸಿ, ಕೂಡುವುದು. ಗಣಿತ ಇಷ್ಟೇ, ಏಳನೇ ಕ್ಲಾಸಿನದು.

ಕಷ್ಟ ಇರುವುದು ಆ 1ರಿಂದ 5 ಎಲ್ಲಿಂದ ಬಂತು ಎಂಬುದರಲ್ಲಿ. ಅಲ್ಯೂಮಿನಾ ಫಿಲ್ಟರನ್ನೇ ನೋಡಿ. ಹರಳು ದಣಿದು ಫ್ಲೋರೈಡ್ ಹಿಡಿಯುವುದನ್ನು ನಿಲ್ಲಿಸಿದಾಗ ನೀರಿನ ಬಣ್ಣ, ರುಚಿ, ವಾಸನೆ ಒಂದೂ ಬದಲಾಗುವುದಿಲ್ಲ. ಪರೀಕ್ಷಾ ಕಿಟ್ ಇಟ್ಟುಕೊಂಡು ಆಗಾಗ ನೋಡದಿದ್ದರೆ, ಊರಿನವರು ಫಿಲ್ಟರ್ ನೀರು ಎಂದು ನಂಬಿ ಮತ್ತೆ ಬೋರ್‌ವೆಲ್ ನೀರನ್ನೇ ಕುಡಿಯುತ್ತಿರುತ್ತಾರೆ. ದಣಿದ ಹರಳನ್ನು ಮತ್ತೆ ಚೇತರಿಸಲು ಕಾಸ್ಟಿಕ್ ಸೋಡಾದಿಂದ ತೊಳೆದು, ಆಮೇಲೆ ಆಮ್ಲ ಹಾಯಿಸಬೇಕು. ಇದು ಪಂಚಾಯಿತಿಯ ನೀರುಗಂಟಿಯ ಕೈಗೆ ಒಪ್ಪಿಸುವ ಕೆಲಸವೇ? ಹಾಗಾಗಿ ನಡೆಸುವ ಸುಲಭಕ್ಕೆ 3ಕ್ಕಿಂತ ಹೆಚ್ಚು ಕೊಡಲಾಗದು. ಆರ್‌ಒಗೆ ಕೊಳೆಯಲ್ಲಿ 1 ಯಾಕೆಂದರೆ, ಅರ್ಧ ನೀರನ್ನು ಹೊರಗೆ ಬಿಟ್ಟರೂ ಆ ಬಿಟ್ಟ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 6 ಮಿಲಿಗ್ರಾಂ ಹತ್ತಿರ ಇರುತ್ತದೆ. ಅದು ಹೋಗಿ ಸೇರುವುದು ಅದೇ ಊರಿನ ನೆಲಕ್ಕೆ.

ಹೀಗೆ ಕಾರಣ ಹೇಳಿ ಅಂಕ ಹಾಕುತ್ತ ಹೋದರೆ, ಇದೇ ಮಾನದಂಡಗಳ ಕ್ರಮದಲ್ಲಿ ಮಳೆನೀರಿಗೆ 4, 2, 5, 5, 1 ಬಂದು ಒಟ್ಟು 355. ಅಲ್ಯೂಮಿನಾಗೆ 3, 4, 3, 3, 4, ಅಂದರೆ 335. ನಲ್ಗೊಂಡ ವಿಧಾನ 300, ಆರ್‌ಒ 270. ಹೆಚ್ಚಿನ ವಿದ್ಯಾರ್ಥಿಗಳು ಇಲ್ಲಿಗೆ ಪೆನ್ನು ಮುಚ್ಚಿ 'ಮಳೆನೀರೇ ಉತ್ತಮ' ಎಂದು ಬರೆದುಬಿಡುತ್ತಾರೆ. ನನಗನ್ನಿಸುವಂತೆ ಅಸಲು ಕೆಲಸ ಶುರುವಾಗುವುದೇ ಇಲ್ಲಿ.

ಮೇಲಿನ ಹಂಚಿಕೆ ನೀರುಗಂಟಿಯ ಕಣ್ಣಿನದು. ಕೆಟ್ಟರೆ ಬೈಸಿಕೊಳ್ಳುವವನು ಅವನೇ ಆದ್ದರಿಂದ ರಿಪೇರಿಗೆ 30. ಕೊಡ ಹೊರುವ ಹೆಂಗಸರನ್ನು ಕೇಳಿ. 'ಬೇಸಿಗೇಲಿ ನೀರಿಲ್ಲ ಅಂದ್ರೆ ಅದ್ಯಾಕಪ್ಪ ಬೇಕು?' ಎಂದಾರು. ವರ್ಷವಿಡೀ ನೀರು ಎಂಬುದಕ್ಕೆ 35 ಕೊಟ್ಟು, ರಿಪೇರಿಯನ್ನು 20ಕ್ಕೆ ಇಳಿಸಿ ಮತ್ತೆ ಕೂಡಿದರೆ ಅಲ್ಯೂಮಿನಾ 345, ಮಳೆನೀರು 335. ಒಂದು ಅಂಕವನ್ನೂ ಮುಟ್ಟಿಲ್ಲ, ಗೆದ್ದವರು ಬದಲಾದರು. ತೂಕವನ್ನು ದಾರಿಗಳ ಹೆಸರು ಎತ್ತುವ ಮೊದಲೇ, ನೀರು ಬಳಸುವವರ ಜೊತೆ ಕೂತು ಬರೆದಿಡಬೇಕು ಎನ್ನುವುದು ಇದಕ್ಕೇ. ಮೊದಲೇ ಒಂದು ಯಂತ್ರ ಮನಸ್ಸಿಗೆ ಹಿಡಿದವರು ತೂಕವನ್ನು ಅತ್ತಿತ್ತ ಸರಿಸಿ ಅದನ್ನೇ ಗೆಲ್ಲಿಸಬಹುದು. ನೋಡುವವರಿಗೆ ಅದು ಲೆಕ್ಕದಂತೆಯೇ ಕಾಣುತ್ತದೆ.

ಮಳೆನೀರಿಗೆ ಕೊಟ್ಟ ಆ 2 ಕೂಡ ಗಟ್ಟಿಯಲ್ಲ. ವರ್ಷಕ್ಕೆ 550 ಮಿಲಿಮೀಟರ್ ಮಳೆ, 50 ಚದರ ಮೀಟರ್ ಚಾವಣಿ, ಬಿದ್ದದ್ದರಲ್ಲಿ ನೂರಕ್ಕೆ 80 ಪಾಲು ಕೈಗೆ ಬಂತು ಎಂದರೆ 22,000 ಲೀಟರ್. ಮನೆಗೆ ಬೇಕಾದದ್ದು ವರ್ಷಕ್ಕೆ 14,600. ಧಾರಾಳ. ಆದರೆ ಮಳೆ 350ಕ್ಕೆ ಇಳಿದ ವರ್ಷ ಬರುವುದು 14,000 ಲೀಟರ್, ಕೊಂಚ ಕೊರತೆ. ಚಾವಣಿಯೇ 25 ಚದರ ಮೀಟರ್ ಇರುವ ಸಣ್ಣ ಮನೆಗೆ ಒಳ್ಳೆ ಮಳೆಗಾಲದಲ್ಲೂ 11,000 ಅಷ್ಟೇ. ಊರಲ್ಲಿ ಅಂಥ ಮನೆಗಳೇ ಹೆಚ್ಚಿದ್ದರೆ 2 ಎನ್ನುವುದು 1 ಆಗುತ್ತದೆ, ಮಳೆನೀರಿನ ಒಟ್ಟು 330ಕ್ಕೆ ಇಳಿದು ನೀರುಗಂಟಿಯ ಹಂಚಿಕೆಯಲ್ಲೂ ಸೋಲುತ್ತದೆ. ಆದ್ದರಿಂದ ಪಾಠ ಹೇಳುವವರು ಯಾವ ದಾರಿ ಗೆದ್ದಿತು ಎಂಬುದಕ್ಕೆ ಮಾರ್ಕ್ಸ್ ಕೊಡದಿರುವುದು ಮೇಲು. ಚಾವಣಿ ಅಳೆದು ಬಂದವರಿಗೆ, ತೂಕ ಅಲುಗಿಸಿ ನೋಡಿದವರಿಗೆ ಕೊಡಲಿ. ನೂರರಲ್ಲಿ ಅರ್ಧದಷ್ಟನ್ನು ಇವೆರಡಕ್ಕೇ ಮೀಸಲಿಟ್ಟರೂ ನನಗೆ ತಕರಾರಿಲ್ಲ.

ಇಂಥ ಪಟ್ಟಿಯನ್ನು ವಿನ್ಯಾಸದ ಪಾಠಕ್ಕೆ ತಂದವರಲ್ಲಿ ಪ್ರಮುಖ ಬ್ರಿಟನ್ನಿನ ಸ್ಟುವರ್ಟ್ ಪ್ಯೂ. ಆತ ತೂಕವನ್ನು ಹಚ್ಚುತ್ತಲೇ ಇರಲಿಲ್ಲ. ಒಂದು ದಾರಿಯನ್ನು ಆಧಾರವಾಗಿಟ್ಟು, ಉಳಿದವು ಅದಕ್ಕಿಂತ ಮೇಲೋ ಕೀಳೋ ಸಮವೋ ಎಂದು ಗುರುತು ಹಾಕಿಸುತ್ತಿದ್ದ. ಗೆದ್ದವರನ್ನು ಸಾರುವುದಕ್ಕಿಂತ, ಯಾವುದು ಎಲ್ಲಿ ಸೋಲುತ್ತಿದೆ ಎಂದು ಕಂಡು ಎರಡನ್ನು ಬೆಸೆಯುವುದು ಆತನ ಗುರಿ.

ನಮ್ಮ ಪಟ್ಟಿಯಲ್ಲೂ ಅದು ಕಾಣುತ್ತದೆ. ಮಳೆನೀರು ಸೋಲುವುದು ಬೇಸಿಗೆಯಲ್ಲಿ, ಅಲ್ಯೂಮಿನಾ ಸೋಲುವುದು ಹರಳು ತೊಳೆಯುವ ಕಷ್ಟದಲ್ಲಿ. ಸಣ್ಣ ಮನೆಗೆ 11,000 ಲೀಟರ್ ಮಳೆಯಿಂದ ಬಂದರೆ ಕೊರತೆ 3,600 ಲೀಟರ್, ಅಂದರೆ 90 ದಿನದ ನೀರು. ಆ ಮೂರು ತಿಂಗಳಿಗೆ ಮಾತ್ರ ಊರಿಗೊಂದು ಅಲ್ಯೂಮಿನಾ ಫಿಲ್ಟರ್ ಓಡಿಸಿದರೆ ಹರಳು ತೊಳೆಯುವ ಕೆಲಸ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಈ ಜೋಡಿಗೆ 3, 5, 4, 4, 1 ಹಾಕಿ ನೋಡಿ: ನೀರುಗಂಟಿಯ ತೂಕದಲ್ಲಿ 365, ಹೆಂಗಸರ ತೂಕದಲ್ಲಿ 385. ಎರಡರಲ್ಲೂ ಮೇಲು.

ಸೋಲುವುದು ಬಂಡವಾಳದಲ್ಲಿ, ಅಲ್ಲಿ ಕೇವಲ 1. ತೊಟ್ಟಿಯೂ ಬೇಕು, ಫಿಲ್ಟರೂ ಬೇಕು. ಪಂಚಾಯಿತಿ ಇಷ್ಟೇ ದುಡ್ಡು, ಇದಕ್ಕಿಂತ ಒಂದು ರೂಪಾಯಿಯೂ ಹೆಚ್ಚಿಲ್ಲ ಎಂದರೆ ಆ 10ರ ತೂಕಕ್ಕೆ ಅರ್ಥವಿರದು. ಆಗ ಫ್ಲೋರೈಡಿನಂತೆ ದುಡ್ಡೂ ಒಂದು ಮಿತಿಯಾಗುತ್ತದೆ, ಪಟ್ಟಿಯನ್ನು ಮತ್ತೆ ಮೊದಲಿನಿಂದ ಬರೆಯಬೇಕಾಗುತ್ತದೆ.