ಕೊಳ್ಳುವುದೋ, ನಾವೇ ಮಾಡುವುದೋ?

ಎಲ್ಲವೂ ಪೇಟೆಯಲ್ಲಿ ಸಿಗುವಾಗ ಕಂಪನಿಗಳು ಜನರನ್ನು ಸಂಬಳಕ್ಕೆ ಇಟ್ಟುಕೊಳ್ಳುವುದೇಕೆ? ಕೊಳ್ಳುವುದಕ್ಕೂ ಖರ್ಚಿದೆ ಎಂದು 1937ರಲ್ಲಿ ರೊನಾಲ್ಡ್ ಕೋಸ್ ಉತ್ತರಿಸಿದರು. ಮಾರುವವರನ್ನು ಹುಡುಕಬೇಕು, ಚೌಕಾಸಿ ಮಾಡಬೇಕು, ಕರಾರು ಬರೆದು ಅದು ಪಾಲನೆಯಾಗುವಂತೆ ನೋಡಿಕೊಳ್ಳಬೇಕು. ಈ ವಹಿವಾಟು ವೆಚ್ಚ ವಿಪರೀತವಾದರೆ ಒಳಗೇ ಮಾಡಿಸುವುದು ಲೇಸು.

ಅಮೆರಿಕದ ಜನರಲ್ ಮೋಟಾರ್ಸ್ 1919ರಲ್ಲಿ ಫಿಶರ್ ಬಾಡಿ ಕಂಪನಿಯ 60% ಷೇರು ಕೊಂಡು, ಕಾರಿನ ಬಾಡಿಗಳಿಗಾಗಿ ಹತ್ತು ವರ್ಷಗಳ ಕರಾರು ಮಾಡಿಕೊಂಡಿತು. ತಯಾರಿಕಾ ವೆಚ್ಚದ ಮೇಲೆ 17.6% ಸೇರಿಸಿದ್ದೇ ಬೆಲೆ. ಖರ್ಚು ಹೆಚ್ಚಿದಷ್ಟೂ ಲಾಭ ಹೆಚ್ಚಾದರೆ ಉಳಿತಾಯ ಮಾಡುವವರು ಯಾರು? ಟೈರ್ ಆದರೆ ಒಬ್ಬರು ಸತಾಯಿಸಿದರೆ ಇನ್ನೊಬ್ಬರಲ್ಲಿ ಕೊಳ್ಳಬಹುದು. ಬಾಡಿಯ ಅಚ್ಚುಗಳು ಒಂದೇ ಮಾದರಿಗೆ ಹೊಂದುವುದರಿಂದ ಎರಡೂ ಕಡೆಯವರ ಜುಟ್ಟು ಪರಸ್ಪರರ ಕೈಯಲ್ಲಿರುತ್ತದೆ. ಜನರಲ್ ಮೋಟಾರ್ಸ್ ಘಟಕಗಳ ಪಕ್ಕದಲ್ಲೇ ಕಾರ್ಖಾನೆ ಕಟ್ಟಲು ಫಿಶರ್ ಒಪ್ಪಲಿಲ್ಲ, ಅದಕ್ಕೇ 1926ರಲ್ಲಿ ಉಳಿದ ಷೇರುಗಳನ್ನೂ ಕೊಳ್ಳಬೇಕಾಯಿತು ಎಂದು ಅರ್ಥಶಾಸ್ತ್ರಜ್ಞರು 1978ರಲ್ಲಿ ವಾದಿಸಿದರು.

ತಮಾಷೆಯೆಂದರೆ, ಈ ಕಥೆಯನ್ನು ಒಪ್ಪದವರು ಸ್ವತಃ ಕೋಸ್. ಹಳೆಯ ದಾಖಲೆ ಕೆದಕಿದ ಅವರು, ಫಿಶರ್ ಹಾಗೆ ಸತಾಯಿಸಿದ್ದಕ್ಕೆ ಪುರಾವೆಯೇ ಇಲ್ಲವೆಂದು 2000ದಲ್ಲಿ ಬರೆದರು. ಒಳಗೆ ಮಾಡಿಸುವುದೂ ಪುಕ್ಕಟೆಯಲ್ಲ. ಕಂಪನಿ ಉಬ್ಬಿದಂತೆ ಮೇಲಿನವರ ತೀರ್ಮಾನಗಳು ಎಡವುತ್ತವೆ, ಕೊನೆಗೊಂದು ಹಂತದಲ್ಲಿ ಹೊರಗಿನಿಂದ ತರಿಸುವುದೇ ಅಗ್ಗವಾಗುತ್ತದೆ.